ಪದಚರ್ಚೆ: ಎದುರಿಗೆ ಕೇಳುಗ ಕೂತಿರುವಾಗ ಅದು 'ಸ್ವಗತ' ಆಗುತ್ತದೆಯೇ?

ಎಲ್ಲರಿಗೂ ನಮಸ್ಕಾರ. ಡ್ರಮ್ಯಾಟಿಕ್ ಮೊನೊಲಾಗ್‌ಗೆ ನಾನು ತರಗತಿಯಲ್ಲಿ 'ನಾಟಕೀಯ ಸ್ವಗತ' ಅಂತಲೇ ಹೇಳಿಕೊಂಡು ಬಂದಿದ್ದೇನೆ. ಮೊನ್ನೆ ಬ್ರೌನಿಂಗ್‌ನ 'ಮೈ ಲಾಸ್ಟ್ ಡಚೆಸ್' ಪಾಠ ಮಾಡುತ್ತಿದ್ದೆ. 1842ರ ಕವಿತೆ, ಬರೀ 56 ಸಾಲು. ಫೆರಾರದ ಡ್ಯೂಕ್ ತೀರಿಹೋದ ಹೆಂಡತಿಯ ಚಿತ್ರವನ್ನು ಒಬ್ಬ ದೂತನಿಗೆ ತೋರಿಸುತ್ತಾನೆ. ಆ ದೂತ ಬಂದಿರುವುದು ಡ್ಯೂಕನ ಮುಂದಿನ ಮದುವೆಯ ಮಾತುಕತೆಗೆ. ಕವಿತೆಯಲ್ಲಿ ದೂತನ ಒಂದು ಮಾತೂ ಇಲ್ಲ. ಆದರೆ ಅವನು ಕೂರುತ್ತಾನೆ, ಏಳುತ್ತಾನೆ, ಡ್ಯೂಕನ ಜೊತೆ ಹೊರಡುತ್ತಾನೆ. ಇದೆಲ್ಲ ನಮಗೆ ಗೊತ್ತಾಗುವುದು ಡ್ಯೂಕನ ಬಾಯಿಂದಲೇ.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: "ಮೇಡಂ, ಎದುರಿಗೆ ಒಬ್ಬ ಕೂತು ಕೇಳ್ತಾ ಇದಾನಲ್ವಾ, ಇದು ಸ್ವಗತ ಹೇಗಾಗುತ್ತೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಮಾತಾಡುವವನು ತನಗೆ ಗೊತ್ತಿಲ್ಲದೆಯೇ ತನ್ನ ಗುಣ ಹೊರಹಾಕಿಬಿಡುತ್ತಾನಲ್ಲ, ಅದಕ್ಕೂ ಕನ್ನಡದಲ್ಲಿ ಒಂದು ಮಾತು ಬೇಕು. ಗೊತ್ತಿದ್ದವರು ತಿಳಿಸಿ.

— ವಿದ್ಯಾನಗರ, ದಾವಣಗೆರೆ

ಸ್ವಗತ ಅಂದರೆ ತಪ್ಪೇನಿಲ್ಲ ಅನ್ನಿಸುತ್ತದೆ. ಹ್ಯಾಮ್ಲೆಟ್ ಒಬ್ಬನೇ ನಿಂತು ದೀರ್ಘವಾಗಿ ಮಾತಾಡುತ್ತಾನೆ. ಡ್ಯೂಕನೂ ಒಬ್ಬನೇ ಮಾತಾಡುತ್ತಾನೆ. ಎರಡರಲ್ಲೂ ಒಬ್ಬರದೇ ದನಿ. ಕೇಳುವವನು ಇದ್ದಾನೆ ಅನ್ನುವ ವ್ಯತ್ಯಾಸ 'ನಾಟಕೀಯ' ಅನ್ನುವ ಪದದಲ್ಲೇ ಬಂತಲ್ಲ. ನಿಮ್ಮ ಎರಡನೇ ಪ್ರಶ್ನೆಗೆ 'ತಪ್ಪೊಪ್ಪಿಗೆ' ಸಾಕು. ಹೆಂಡತಿಯನ್ನು ಮುಗಿಸಿದ್ದನ್ನು ಅವನೇ ಒಪ್ಪಿಕೊಳ್ಳುತ್ತಾನೆ.

— ಹರಿಹರ

ನಮ್ಮಲ್ಲಿ ಇದಕ್ಕೆ 'ಏಕಪಾತ್ರಾಭಿನಯ' ಅಂತಾರೆ ಮೇಡಂ. ನನ್ನ ಮಗಳು ಶಾಲೆಯಲ್ಲಿ ಒನಕೆ ಓಬವ್ವ ಮಾಡಿದ್ದಳು. ಏಳು ನಿಮಿಷ, ಅವಳೊಬ್ಬಳೇ. ಕಿಂಡಿಯಲ್ಲಿ ಒಬ್ಬೊಬ್ಬನೇ ನುಸುಳಿ ಬರುವ ಸೈನಿಕರಿಗೆ ಎದುರು ನಿಂತು ಮಾತಾಡುವುದು, ಕೊನೆಗೆ ಗಂಡ ಬಂದಾಗ ಮಾತಾಡುವುದು. ಸೈನಿಕರು ಯಾರೂ ಇರಲಿಲ್ಲ, ಆದರೂ ಇದ್ದಾರೆ ಅನ್ನಿಸುತ್ತಿತ್ತು. ಸ್ಕ್ರಿಪ್ಟ್ ಬೇಕಾದರೆ ಟೈಪ್ ಮಾಡಿ ಕಳಿಸುತ್ತೇನೆ.

— ಹಿರಿಯೂರು

ಹಿರಿಯೂರಿನ ತಾಯಿ ಹೇಳಿದ್ದು ಆಡಿ ತೋರಿಸುವ ಬಗೆ. ಕೇಳಿದ್ದು ಬರಹದ ಬಗೆ. ಹರಿಹರದವರ ಮಾತನ್ನು ಮಾತ್ರ ನಾನು ಒಪ್ಪಲಾರೆ.

ಸ್ವಗತಕ್ಕೆ ನಮ್ಮ ಹಳೆಯ ನಾಟಕಗಳಲ್ಲಿ ಗಟ್ಟಿಯಾದ ಅರ್ಥ ಇದೆ. ರಂಗದ ಮೇಲೆ ಬೇರೆಯವರು ಇದ್ದರೂ ಅವರಿಗೆ ಕೇಳಿಸದ ಮಾತು ಅದು. ಎಲ್ಲರಿಗೂ ಕೇಳಿಸಿದರೆ 'ಪ್ರಕಾಶ'. ಸಂಸ್ಕೃತ ನಾಟಕದ ಪುಸ್ತಕ ತೆರೆದರೆ ಪಾತ್ರದ ಹೆಸರಿನ ಮುಂದೆ ಈ ಎರಡು ಸೂಚನೆ ಕಾಣುತ್ತಲೇ ಇರುತ್ತವೆ. ಡ್ಯೂಕನದು ಪೂರ್ತಿ ಪ್ರಕಾಶ. ಅವನ ಒಂದೊಂದು ಮಾತೂ ದೂತನ ಕಿವಿಗೆ ಬೀಳಲಿ ಅಂತಲೇ ಆಡಿದ್ದು. ಹಾಗಾಗಿ 'ನಾಟಕೀಯ' ಅಂತ ಎಷ್ಟು ಒತ್ತಿ ಹೇಳಿದರೂ 'ಸ್ವಗತ' ಅನ್ನುವ ಪದ ವಿರುದ್ಧ ದಿಕ್ಕಿಗೇ ಎಳೆಯುತ್ತದೆ. ನಿಮ್ಮ ವಿದ್ಯಾರ್ಥಿನಿ ಕೇಳಿದ್ದು ಸರಿಯಾಗಿದೆ.

ಇದಕ್ಕೆ ಹತ್ತಿರದ್ದು 'ಆಕಾಶಭಾಷಿತ'. ಭಾಣ ಅನ್ನುವ ರೂಪಕದಲ್ಲಿ ಒಬ್ಬನೇ ನಟ. ಅವನು ಬೀದಿಯಲ್ಲಿ ಹೋಗುತ್ತಾ, ಕಾಣದ ಜನರ ಜೊತೆ ಮಾತಾಡುತ್ತಾನೆ. 'ಕಿಂ ಬ್ರವೀಷಿ', ಅಂದರೆ 'ಏನಂದೆ?' ಅಂತ ಕೇಳಿ, ಅವರು ಹೇಳಿದ್ದನ್ನು ತಾನೇ ಮತ್ತೆ ಹೇಳುತ್ತಾನೆ. ಡ್ಯೂಕ್ ಹಾಗೆ ಹೇಳುವುದಿಲ್ಲ. ಅವನ ಮಾತಿನ ತಿರುವಿನಿಂದ ನಾವೇ ಊಹಿಸಬೇಕು. ಬಸ್ಸಿನಲ್ಲಿ ಪಕ್ಕದವನು ಫೋನಿನಲ್ಲಿ ಮಾತಾಡುವಾಗ ನಮಗೆ ಒಂದೇ ಕಡೆ ಕೇಳಿಸುತ್ತದಲ್ಲ, ಹಾಗೆ.

ಇನ್ನು 'ತಪ್ಪೊಪ್ಪಿಗೆ' ಖಂಡಿತ ಅಲ್ಲ. ಒಪ್ಪಿಕೊಳ್ಳಬೇಕಾದರೆ ತಪ್ಪು ಅಂತ ಮೊದಲು ಅನ್ನಿಸಬೇಕು. ಡ್ಯೂಕನಿಗೆ ತಾನು ಮಾಡಿದ್ದು ಸರಿ ಅಂತಲೇ ಇದೆ. ಹೆಂಡತಿ ತನ್ನ ಒಂಬೈನೂರು ವರ್ಷದ ಮನೆತನದ ಹೆಸರಿಗೂ, ಯಾರೋ ತಂದುಕೊಟ್ಟ ಚೆರಿಯ ಕೊಂಬೆಗೂ ಒಂದೇ ಥರ ಸಂತೋಷಪಟ್ಟಳು ಅನ್ನುವುದು ಅವನ ದೂರು. ಅವನು ಹೇಳಲು ಹೊರಟದ್ದು ಅವಳ ದೋಷ, ನಾವು ಕಂಡದ್ದು ಅವನ ದೋಷ. ನಮ್ಮಲ್ಲಿ ಇದಕ್ಕೆ 'ಬಾಯಿಬಿಟ್ಟರೆ ಬಣ್ಣಗೇಡು' ಅನ್ನುವ ಗಾದೆ ಇದೆ. 'ಬಣ್ಣಗೇಡು' ಒಂದು ಪದವಾಗಿ ನಿಲ್ಲಬಹುದು ಅಂತ ನನಗೆ ಅನ್ನಿಸುತ್ತದೆ.

— ಚಿತ್ರದುರ್ಗ (ನಿವೃತ್ತ ಶಿಕ್ಷಕ)

ಮೇಷ್ಟ್ರೇ, ತುಂಬಾ ಉಪಕಾರವಾಯಿತು. ನನಗೆ 'ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ' ಹೊಳೆದಿತ್ತು. ಈಗ ಅದು ಬೇಡ ಅನ್ನಿಸುತ್ತಿದೆ. ಅಲ್ಲಿ ಯಾರೋ 'ಕಳ್ಳ' ಅಂದಿದ್ದಾರೆ, ಹೆಗಲು ಮುಟ್ಟಿಕೊಂಡವನಿಗೆ ಭಯ ಇದೆ. ಡ್ಯೂಕನನ್ನು ಯಾರೂ ಏನೂ ಅಂದಿಲ್ಲ. ಅವನಿಗೆ ಭಯವೂ ಇಲ್ಲ.

ನಿಮ್ಮ ಪತ್ರ ಓದಿದ ಮೇಲೆ ಮಕ್ಕಳಿಗೆ ಒಂದು ಅಭ್ಯಾಸ ಕೊಟ್ಟೆ. ದಾವಣಗೆರೆಯಲ್ಲಿ ಒಬ್ಬ ಮನೆ ಮಾಲೀಕ ಬಾಡಿಗೆಗೆ ಬಂದವರಿಗೆ ಮನೆ ತೋರಿಸುತ್ತಿದ್ದಾನೆ, ಅವನೊಬ್ಬನೇ ಮಾತಾಡಬೇಕು. ಒಬ್ಬ ಹುಡುಗ 'ನಾನು ಸ್ವಲ್ಪ ಜಿಪುಣ, ಅನುಮಾನ ಜಾಸ್ತಿ' ಅಂತ ಮಾಲೀಕನ ಬಾಯಲ್ಲೇ ಹೇಳಿಸಿದ್ದ. ಅಲ್ಲಿಗೆ ಕೆಟ್ಟಿತು. ಪ್ರಶ್ನೆ ಕೇಳಿದ ಹುಡುಗಿ ಬರೆದದ್ದು ಹೀಗಿತ್ತು:

"ಬರ್ರಿ ಬರ್ರಿ, ಚಪ್ಪಲಿ ಅಲ್ಲೇ ಬಿಡ್ರಿ. ನಾನು ಬಾಡಿಗೆದಾರರ ವಿಷಯಕ್ಕೇ ಹೋಗೋನಲ್ಲ. ಹಿಂದೆ ಇದ್ದೋರನ್ನ ಕೇಳ್ರಿ ಬೇಕಾದ್ರೆ. ರಾತ್ರಿ ಹನ್ನೊಂದೂವರೆಗೆ ಲೈಟ್ ಆರಿಸೋರು, ನಾನು ಏನಾದ್ರೂ ಅಂದ್ನಾ? ಆಯಮ್ಮನ ತಮ್ಮ ಅಂತ ಒಬ್ಬ ಬರೋನು, ತಿಂಗಳಿಗೆ ಮೂರು ಸಲ. ತಮ್ಮನೇ ಇರಬಹುದು ಬಿಡ್ರಿ, ನಮಗ್ಯಾಕೆ. ನೀರಿಗೆ ತೊಂದರೆ ಇಲ್ಲ. ಆರು ಕೊಡದ ಮೇಲೆ ಏಳನೇದು ತುಂಬೋ ಸದ್ದು ಕೇಳಿದ್ರೆ ಮಾತ್ರ ಮೋಟರ್ ಬಂದ್ ಮಾಡ್ತೀನಿ. ಅಯ್ಯೋ, ಇಷ್ಟು ಬೇಗ ಎದ್ರಾ? ಮಹಡಿ ನೋಡಲ್ವಾ?"

ಅವನು ಹೇಳಬೇಕು ಅಂದುಕೊಂಡದ್ದು 'ನಾನು ಯಾರ ತಂಟೆಗೂ ಹೋಗಲ್ಲ' ಅನ್ನುವ ಒಂದೇ ಮಾತು. ಆದರೆ ಹನ್ನೊಂದೂವರೆ, ಮೂರು ಸಲ, ಏಳನೇ ಕೊಡ ಅನ್ನುವ ಲೆಕ್ಕಗಳು ಬೇರೆಯದನ್ನೇ ಹೇಳುತ್ತವೆ. ಮನೆ ನೋಡಲು ಬಂದವರಿಗೆ ಅದು ಅರ್ಥವಾಗಿದೆ, ಅವರು ಎದ್ದಿದ್ದಾರೆ. ಅವರು ಯಾಕೆ ಎದ್ದರು ಅಂತ ಗೊತ್ತಾಗದವನು ಅವನೊಬ್ಬನೇ.

ಇದು ಸರಿಯಾಗಿ ಬಂದಿದೆಯೇ ಅಂತ ನೋಡಲು ನಾನು ಮಕ್ಕಳಿಗೆ ಒಂದು ದಾರಿ ಹೇಳಿದೆ. ಬರೆದದ್ದನ್ನು ಆ ಮಾಲೀಕನಿಗೇ ಓದಿ ಹೇಳಿದರೆ ಅವನು 'ಹೌದು, ನಾನು ಹೇಳಿದ್ದನ್ನೇ ಬರೆದಿದ್ದೀರಿ' ಅಂತ ಖುಷಿಯಾಗಿ ಒಪ್ಪಬೇಕು. ಯಾವುದಾದರೂ ಸಾಲಿಗೆ 'ಇದನ್ನ ತೆಗೀರಿ' ಅಂದರೆ, ಆ ಸಾಲು ಆಡಿದ್ದು ಅವನಲ್ಲ, ಬರೆದವರು.

— ವಿದ್ಯಾನಗರ, ದಾವಣಗೆರೆ

ಸ್ವಗತದ ಬಗ್ಗೆ ಮೇಷ್ಟ್ರು ಹೇಳಿದ್ದು ಒಪ್ಪಿದೆ. ಆದರೆ 'ಗೊತ್ತಿಲ್ಲದೆ' ಅನ್ನುವುದರ ಮೇಲೆ ನನಗೆ ಅನುಮಾನ ಉಳಿದಿದೆ. ಮಾಲೀಕನಿಗೆ ಗೊತ್ತಿಲ್ಲ, ಸರಿ. ಡ್ಯೂಕನಿಗೂ ಗೊತ್ತಿಲ್ಲವೇ? ಅವನು ಮಾತಾಡುತ್ತಿರುವುದು ಮುಂದಿನ ಹೆಣ್ಣಿನ ಕಡೆಯವನ ಜೊತೆ. 'ನಾನು ಅಪ್ಪಣೆ ಕೊಟ್ಟೆ, ನಗು ನಿಂತುಹೋಯಿತು' ಅನ್ನುವುದು ಬರುವವಳಿಗೆ ಮೊದಲೇ ಕೊಟ್ಟ ಎಚ್ಚರಿಕೆ ಆಗಿರಬಹುದಲ್ಲ. ಮಾತಿನ ಚಾತುರ್ಯ ನನಗಿಲ್ಲ ಅಂತ ಬೇರೆ ಹೇಳಿಕೊಳ್ಳುತ್ತಾನೆ, ಇಡೀ ಕವಿತೆಯಲ್ಲಿ ಒಂದು ಮಾತೂ ಎಡವುವುದಿಲ್ಲ. ಇಷ್ಟು ಹಿಡಿತ ಇರುವವನು ಬಾಯಿತಪ್ಪಿ ಹೇಳಿದ ಅಂದರೆ ನಂಬುವುದು ಕಷ್ಟ.

— ಹರಿಹರ

ಒಳ್ಳೆಯ ಪ್ರಶ್ನೆ. ಆ ಅಪ್ಪಣೆ ಏನು ಅಂತ ಕೇಳಿದಾಗ ಬ್ರೌನಿಂಗ್ ಕೂಡ ಮೊದಲು ಕೊಲ್ಲಿಸುವ ಅಪ್ಪಣೆ ಅಂದು, ಆಮೇಲೆ ಕಾನ್ವೆಂಟಿಗೆ ಸೇರಿಸಿದ್ದೂ ಇರಬಹುದು ಅಂದರಂತೆ. ನನ್ನ ಮಟ್ಟಿಗೆ, ಎಚ್ಚರಿಕೆ ಕೊಡುತ್ತಿದ್ದೇನೆ ಅಂತ ಅವನಿಗೆ ಗೊತ್ತಿದೆ. ಆ ಎಚ್ಚರಿಕೆಯಿಂದ ತಾನು ಎಂಥವನಾಗಿ ಕಾಣುತ್ತೇನೆ ಅನ್ನುವುದು ಗೊತ್ತಿಲ್ಲ. ಇಬ್ಬರ ಓದೂ ನಿಲ್ಲುತ್ತದೆ.

— ಚಿತ್ರದುರ್ಗ

ಹಾಗಾದರೆ ಪದದಲ್ಲಿ 'ಗೊತ್ತಿಲ್ಲದೆ' ಅನ್ನುವುದನ್ನು ಸೇರಿಸುವುದಿಲ್ಲ. ಸದ್ಯಕ್ಕೆ ಬೋರ್ಡಿನ ಮೇಲೆ 'ಒಂದು ಕಡೆಯ ಮಾತು' ಅಂತ ಬರೆಯುತ್ತೇನೆ. ಪಠ್ಯದಲ್ಲಿ 'ನಾಟಕೀಯ ಸ್ವಗತ' ಅಂತಲೇ ಅಚ್ಚಾಗಿರುವುದರಿಂದ ಪರೀಕ್ಷೆಗೆ ಮಕ್ಕಳು ಅದನ್ನೂ ಬರೆಯಬೇಕಾಗುತ್ತದೆ. ಇದಕ್ಕಿಂತ ಅಡಕವಾದ ಪದ ಯಾರಿಗಾದರೂ ಹೊಳೆದರೆ ದಯವಿಟ್ಟು ಬರೆಯಿರಿ. ಹಿರಿಯೂರಿನ ಮೇಡಂ, ಓಬವ್ವನ ಸ್ಕ್ರಿಪ್ಟ್ ಕಳಿಸಿ. ಅದರಲ್ಲಿ ಸೈನಿಕರ ಉತ್ತರವನ್ನು ಹೇಗೆ ತಿಳಿಸಿದ್ದಾರೆ ಅಂತ ನೋಡಬೇಕು.

— ವಿದ್ಯಾನಗರ, ದಾವಣಗೆರೆ