142.10 ಕಂಡ ಷೇರು 143.50ಕ್ಕೆ ಸಿಕ್ಕಿತು: ನಿಮಗೂ ಹೀಗಾಗಿದೆಯಾ?

ಮಂಡ್ಯದಿಂದ ಪ್ರಶ್ನೆ: ಚಿಕ್ಕ ಕಂಪನಿ ಷೇರು. ಮೊಬೈಲಲ್ಲಿ 142.10 ಕಾಣುತ್ತಿತ್ತು. 600 ಷೇರಿಗೆ, ಸಿಕ್ಕ ರೇಟಿಗೆ ಕೊಳ್ಳುವ ಮಾರ್ಕೆಟ್ ಆರ್ಡರ್ ಒತ್ತಿದೆ, ಸರಾಸರಿ 143.50 ಬಿತ್ತು. ಸುಮ್ನೆ 840 ರೂಪಾಯಿ ಹೋಯಿತು. ಇದು ಕಂಪ್ಯೂಟರ್ ಪ್ರೋಗ್ರಾಂನಿಂದ ತಾನಾಗೇ ವ್ಯಾಪಾರ ಮಾಡಿಸುವ ಆಲ್ಗೋದವರ ಕೈಚಳಕವಾ?

ಕುವೆಂಪುನಗರ: ಇನ್ಯಾರದ್ದು ಸ್ವಾಮಿ? ಎಕ್ಸ್‌ಚೇಂಜ್ ಪಕ್ಕದಲ್ಲೇ ಸರ್ವರ್ ಇಟ್ಟುಕೊಂಡಿದ್ದಾರೆ. ನೀವು ಬಟನ್ ಒತ್ತುವ ಮುಂಚೆಯೇ ಅವರಿಗೆ ಗೊತ್ತಿರುತ್ತದೆ.

ಸರಸ್ವತಿಪುರಂ: ಸರ್ವರ್ ಅಲ್ಲಿರುವುದು ನಿಜ, ಉಳಿದದ್ದು ಅಲ್ಲ. ನಿಮ್ಮ ಆರ್ಡರ್ ಎಕ್ಸ್‌ಚೇಂಜ್ ತಲುಪಿದ ಮೇಲೆಯೇ ಅವರಿಗೂ ಕಾಣುವುದು, ನಮಗಿಂತ ಮೊದಲು ಕಾಣುತ್ತದೆ ಅಷ್ಟೇ. ನಾನು ಬ್ರೋಕರ್ ಆಫೀಸಲ್ಲಿ ಡೀಲರ್ ಆಗಿದ್ದವನು. ಮಂಡ್ಯದವರೇ, ಟ್ರೇಡ್ ಬುಕ್ ತೆರೆದು ನೋಡಿ, ಎಷ್ಟೆಷ್ಟು ಷೇರು ಯಾವ ರೇಟಿಗೆ ಬಂದಿದೆ?

ಮಂಡ್ಯ: 100 ಷೇರು 142.50ಕ್ಕೆ, 150 ಷೇರು 143ಕ್ಕೆ, 350 ಷೇರು 144ಕ್ಕೆ. ಎಲ್ಲಾ ಒಂದೇ ಸೆಕೆಂಡಲ್ಲಿ.

ಸರಸ್ವತಿಪುರಂ: ನೋಡಿ, ನಿಮ್ಮ ಆರ್ಡರೇ ಮೂರು ಮೆಟ್ಟಿಲು ಹತ್ತಿದೆ. 142.10 ಅನ್ನುವುದು ಹಿಂದಿನ ವ್ಯಾಪಾರದ ರೇಟು. ನಿಮ್ಮೂರ ಬೆಲ್ಲದ ಮಂಡಿಯಲ್ಲಿ ಹಿಂದಿನ ಲಾಟು ಹೋದ ರೇಟಿಗೇ ಮುಂದಿನದೂ ಸಿಗಬೇಕು ಅಂತ ಉಂಟಾ? ದೊಡ್ಡ ಕಂಪನಿ ಷೇರಲ್ಲಿ ಆಲ್ಗೋಗಳು ಕೊಳ್ಳಲು, ಮಾರಲು ಎರಡೂ ಕಡೆ ಪೈಪೋಟಿಯಲ್ಲಿ ನಿಲ್ಲುತ್ತವೆ. ಹಾಗಾಗಿ ನಡುವಿನ ಅಂತರ ಸಾಮಾನ್ಯವಾಗಿ ಕೆಲವೇ ಪೈಸೆ. ಇಂಥ ಚಿಕ್ಕ ಷೇರಲ್ಲಿ ಕೊಂಡರೆ ಮಾರುವುದಕ್ಕೆ ಗಿರಾಕಿ ಇರಲ್ಲ, ಅದಕ್ಕೆ ಅವೂ ಜಾಸ್ತಿ ಬರಲ್ಲ. ನಿಮ್ಮ 840 ಹೋಗಿದ್ದು ಹೆಚ್ಚಾಗಿ ಆಲ್ಗೋ ಇಲ್ಲದೆ. ಆದರೆ ಮಾರುಕಟ್ಟೆ ಗಾಬರಿಯಾದ ದಿನ ದೊಡ್ಡ ಷೇರಿನಿಂದಲೂ ಅವು ಜಾಗ ಖಾಲಿ ಮಾಡುತ್ತವೆ, ಅದನ್ನೂ ಹೇಳಿಬಿಡುತ್ತೇನೆ.

ಮದ್ದೂರು: ಆಲ್ಗೋ ಅಷ್ಟು ಒಳ್ಳೇದಾದರೆ ನಾನೂ ಒಂದು ಹಾಕಿಸಿಕೊಳ್ಳಲಾ? ವಾಟ್ಸಾಪಲ್ಲಿ ಒಬ್ಬರು ತಿಂಗಳಿಗೆ 5% ಗ್ಯಾರಂಟಿ ಅಂತಿದ್ದಾರೆ.

ಸರಸ್ವತಿಪುರಂ: ಅಣ್ಣಾ, ಮೊದಲು ಆ ನಂಬರ್ ಬ್ಲಾಕ್ ಮಾಡಿ.

ಶ್ರೀರಂಗಪಟ್ಟಣ: ನಾನು ಯಾವಾಗಲೂ ಇದಕ್ಕಿಂತ ಜಾಸ್ತಿ ಕೊಡಲ್ಲ ಅಂತ ರೇಟು ಹೇಳುವ ಲಿಮಿಟ್ ಆರ್ಡರೇ ಹಾಕುವವಳು. ಹೋದ ತಿಂಗಳು 88.40ಕ್ಕೆ 300 ಷೇರು ಕೇಳಿದೆ. ತಕ್ಷಣ ಯಾರೋ 88.41 ಅಂದರು. ನಾನು 88.45ಕ್ಕೆ ಏರಿಸಿದೆ, ಅವರು 88.46. ಅರ್ಧ ಗಂಟೆ ಹೀಗೇ ಆಟ. ಇದು ನ್ಯಾಯವಾ ಸರ್?

ಸರಸ್ವತಿಪುರಂ: ಇದು ಆಲ್ಗೋ ಇರಬಹುದಮ್ಮಾ, ಪರದೆ ನೋಡಿ ಖಚಿತ ಹೇಳಲಾಗದು. ಒಳ್ಳೆ ರೇಟು ಕೊಟ್ಟವರು ಮುಂದೆ, ಒಂದೇ ರೇಟಾದರೆ ಮೊದಲು ಬಂದವರು ಮುಂದೆ. ಎನ್‌ಎಸ್‌ಇಯಲ್ಲಿ 2024ರ ಜೂನ್‌ನಿಂದ 250 ರೂಪಾಯಿಗಿಂತ ಕೆಳಗಿನ ಷೇರಿಗೆ ಒಂದೊಂದು ಪೈಸೆಯ ಮೆಟ್ಟಿಲು. ಮೊದಲು ನಿಮ್ಮನ್ನು ದಾಟಬೇಕಾದರೆ ಐದು ಪೈಸೆ ಜಾಸ್ತಿ ಕೊಡಬೇಕಿತ್ತು, ಈಗ ಒಂದು ಪೈಸೆ ಸಾಕು. ಅಂತರ ಕಮ್ಮಿಯಾಯಿತು, ಕ್ಯೂನಲ್ಲಿ ನಿಂತವರ ಜಾಗಕ್ಕೆ ಬೆಲೆಯೂ ಕಮ್ಮಿಯಾಯಿತು. ಅವರ ಹಿಂದೆ ಓಡಬೇಡಿ. ಷೇರು ಬೇಕೇ ಬೇಕು ಅಂದರೆ ಮಾರುವವರ ರೇಟಿಗೇ ಲಿಮಿಟ್ ಹಾಕಿ, ಅಲ್ಲಿ ಎಷ್ಟಿದೆಯೋ ಅಷ್ಟಕ್ಕೆ ಮಾತ್ರ.

ಕುವೆಂಪುನಗರ: ಅಂದರೆ ಕೊನೆಗೆ ಅವರೇ ಮುಂದೆ. ನಾನು ಹೇಳಿದ್ದೂ ಅದೇ ಅಲ್ವಾ?

ಮಂಡ್ಯ: ಇನ್ನೂ 400 ಬೇಕಿತ್ತು. ಈಗ ಮಾರುವ ಕಡೆ 141.90ಕ್ಕೆ 60 ಷೇರು, ಆಮೇಲೆ ನೇರ 143. ಆ 60 ಷೇರಿಗೆ 141.90ರ ಲಿಮಿಟ್ ಹಾಕಿದೆ, ಉಳಿದದ್ದಕ್ಕೆ ಕಾಯುತ್ತಾ ಕೂತಿದ್ದೇನೆ.