ಫಸಲಿ 1213ರ ಪಟ್ಟಾ ಮತ್ತು ಹಾಳೆಯೊಳಗಿನ ಇಸವಿ

ಬಳ್ಳಾರಿಯಿಂದ: ಮನೆಯ ಟ್ರಂಕಿನಲ್ಲಿ ಹಳೇ ಪಟ್ಟಾ ಸಿಕ್ಕಿದೆ, ‘ಫಸಲಿ 1213’ ಅಂತ ಕಂದಾಯದ ವರ್ಷ ಬರೆದಿದೆ. ಮನ್ರೋ ಸಾಹೇಬರ ಕಾಲದ ಮೂಲಪತ್ರ ಅಂತ ಅಜ್ಜ ಹೇಳ್ತಿದ್ದರು. ಬೆಳಕಿಗೆ ಹಿಡಿದರೆ ಗೆರೆ ಕಾಣ್ತವೆ. ಕಾಗದ ನೋಡಿ ಕಾಲ ಹೇಳಬಹುದಾ?

ಹೊಸಪೇಟೆಯಿಂದ: ಛಾಪಾ ಕಾಗದ ಆಗಿದ್ರೆ ಮೇಲಿನ ಬೆಲೆ ನೋಡ್ರಿ. ಹಕ್ಕಿನ ತಕರಾರು ಇದ್ರೆ ವಕೀಲರಿಗೆ ತೋರಿಸ್ರಿ.

ಬಳ್ಳಾರಿಯಿಂದ: ತಕರಾರು ಇಲ್ಲ ಅಣ್ಣಾ. ಛಾಪಾನೂ ಇಲ್ಲ, ಬರೀ ಹಾಳೆ.

ಸಿಂಧನೂರಿನಿಂದ: ಗೆರೆ ಇದ್ದರೆ 1757ಕ್ಕಿಂತ ಹಳೆಯದು. ಗೆರೆಯಿಲ್ಲದ ನುಣುಪು ಕಾಗದ ಇಂಗ್ಲೆಂಡಿನಲ್ಲಿ ಬಂದದ್ದೇ ಆಗ.

ರಾಯಚೂರಿನಿಂದ: ಇಸವಿ ಸರಿ ಸರ್, ತೀರ್ಮಾನ ಸರಿಯಲ್ಲ. ನುಣುಪು ಕಾಗದ ಬಂದ ಮೇಲೂ ಗೆರೆಯ ಕಾಗದ ನಿಲ್ಲಲಿಲ್ಲ. ಆಮೇಲೆ ಯಂತ್ರದ ಕಾಗದಕ್ಕೂ ಉರುಳೆಯಿಂದ ಗೆರೆ ಒತ್ತಿದರು. ಹಾಗಾಗಿ ಗೆರೆಯೊಂದರಿಂದಲೇ ಕಾಲ ಹೇಳಲಾಗದು.

ತಂಗಿ, ಹಾಳೆಯನ್ನು ಗಾಜಿನ ಮೇಲೆ ಹರವಿ ಕೆಳಗಿನಿಂದ ಮೊಬೈಲ್ ಬೆಳಕು ಬಿಡು. ನೀರು, ಎಣ್ಣೆ, ಪೆನ್ಸಿಲ್ ಯಾವುದೂ ಬೇಡ. ಒತ್ತೊತ್ತಾದ ಸಣ್ಣ ಗೆರೆಗಳಿಗೆ ಅಡ್ಡವಾಗಿ, ಸುಮಾರು ಒಂದು ಇಂಚಿಗೊಂದರಂತೆ ಸಮ ಅಂತರದ ಗೆರೆಗಳಿದ್ದರೆ ಅದು ಬಹುತೇಕ ಯೂರೋಪಿನ ಕಾಗದ. ಪೂರ್ತಿ ಹಾಳೆಯ ಒಂದು ಅರ್ಧದಲ್ಲಿ ಚಿತ್ರ, ಇನ್ನೊಂದರಲ್ಲಿ ತಯಾರಕರ ಹೆಸರು, ಇಸವಿ ಇರುವುದುಂಟು. ರಫ್ತಾಗುವ ಕಾಗದಕ್ಕೆ ತೆರಿಗೆ ವಾಪಸು ಬೇಕಿದ್ದರೆ ಇಸವಿ ಇರಲೇಬೇಕು ಅಂತ 1794ರಲ್ಲಿ ಇಂಗ್ಲೆಂಡಿನಲ್ಲಿ ಕಾನೂನಾಯಿತು. ಕಂಪನಿಯ ಕಾಲದ ಕಾಗದದಲ್ಲಿ ಅದು ನಮಗೆ ಬಹಳ ನೆರವಾಗುತ್ತದೆ.

ಬಳ್ಳಾರಿಯಿಂದ: ಕಂಡಿತು ಅಕ್ಕಾ! ಮಡಿಕೆಯ ಬಲಕ್ಕೆ 1809. ಎಡ ಅರ್ಧ ಹರಿದು ಹೋಗಿದೆ.

ಸಿಂಧನೂರಿನಿಂದ: ಹಾಗಾದ್ರೆ 1809ರಲ್ಲೇ ಬರೆದದ್ದು.

ರಾಯಚೂರಿನಿಂದ: ಅಲ್ಲ ಸರ್, 1809ಕ್ಕಿಂತ ಮೊದಲು ಬರೆದದ್ದಲ್ಲ, ಅಷ್ಟೇ. ಕಾಗದ ಹಡಗು ಹತ್ತಿ ಮದರಾಸಿಗೆ ಬಂದು, ಕಚೇರಿ ಸೇರಿ, ಬಳಕೆಯಾಗಲು ಕೆಲವು ವರ್ಷ ಹಿಡಿಯಬಹುದು. ಹಳೇ ಇಸವಿಯ ಅಚ್ಚನ್ನೇ ಮುಂದುವರಿಸಿದ ತಯಾರಕರೂ ಇದ್ದರು.

ಈಗ ಪಟ್ಟಾ ನೋಡು. ಫಸಲಿಗೆ 590 ಕೂಡಿಸಿದರೆ 1213 ಅಂದರೆ 1803-04. ಮನ್ರೋ ಈ ಸೀಮೆಯಲ್ಲಿ ಕಲೆಕ್ಟರ್ ಆಗಿದ್ದು 1800ರಿಂದ 1807ರವರೆಗೆ. ಒಕ್ಕಣೆ ಅವರ ಕಾಲದ್ದೇ, ಆದರೆ ಹಾಳೆ ಅವರು ಹೋದ ಮೇಲಿನದು. ಅಂದರೆ ನಿನ್ನ ಕೈಯಲ್ಲಿರುವುದು ನಕಲು. ಮೋಸದ ಪತ್ರ ಅನ್ನಬೇಡ, ಮೂಲ ಸವೆದಾಗ ಶಾನುಭೋಗರು ನಕಲು ತೆಗೆಯುತ್ತಿದ್ದರು.

ಕೊಪ್ಪಳದಿಂದ: ನಮ್ಮಲ್ಲಿ ನಿಜಾಮರ ಕಾಲದ ಕಾಗದ ಅದಾವ್ರಿ. ಗೆರಿ ಸೊಟ್ಟ, ದೊಡ್ಡ ಗೆರಿ ಒಂದು ಹತ್ರ ಒಂದು ದೂರ. ಗುರುತೇ ಇಲ್ಲ, ಮೇಲೆ ಹೊಳಪು ಅದ.

ರಾಯಚೂರಿನಿಂದ: ಅದು ದೇಶಿ ಕಾಗದ ಇರಬೇಕು ಅಣ್ಣಾ. ಹುಲ್ಲುಕಡ್ಡಿ ಅಥವಾ ಬಿದಿರುಕಡ್ಡಿಯ ಚಾಪೆಯ ಮೇಲೆ ಎತ್ತಿ, ಗಂಜಿ ಹಚ್ಚಿ, ಕಲ್ಲಿನಿಂದ ಉಜ್ಜಿದ್ದು. ಅಂಥದರಲ್ಲಿ ಇಸವಿ ಇರುವುದಿಲ್ಲ. ಆ ಬಗೆ ಬಹುಕಾಲ ಹಾಗೇ ನಡೆಯಿತು, ಹಾಗಾಗಿ ಒಳಗಿನ ತಾರೀಖು, ಮೊಹರು, ಅಕ್ಷರ ನೋಡಿಯೇ ಹೇಳಬೇಕು.

ಬಳ್ಳಾರಿಯಿಂದ: ಅಕ್ಕಾ, ನಕಲು ಮಾಡಿದ್ದು ಯಾವಾಗ ಅಂತ ತಿಳಿಯುತ್ತಾ?

ರಾಯಚೂರಿನಿಂದ: ಈ ಹಾಳೆಯಿಂದ ಆಗದು. ರುಜುಗಳೂ ಒಕ್ಕಣೆಯೂ ಒಂದೇ ಕೈಯವಾ ನೋಡು. ಟ್ರಂಕಿನಲ್ಲಿ ಅದೇ ಕೈಬರಹದ, ತಾರೀಖಿರುವ ಬೇರೆ ಕಾಗದ ಸಿಕ್ಕರೆ ಪಕ್ಕಪಕ್ಕ ಇಟ್ಟು ಫೋಟೋ ಹಾಕು.