ಬೇಳೆ ಮಿಲ್ಲಿಗೆ ಕಲರ್ ಸಾರ್ಟರ್: ಫೈನಾನ್ಸ್ ಹೆಡ್‌ಗೆ ಏನಂತ ಬರೆಯಬೇಕು?

ಮಿಲ್ ಸೂಪರ್‌ವೈಸರ್, ಕಲಬುರಗಿ: ಮೇಡಂ, ನಮ್ಮ ತೊಗರಿಬೇಳೆ ಮಿಲ್ಲಿಗೆ ಬಣ್ಣ ನೋಡಿ ಕಪ್ಪು ಕಾಳು ಬೇರೆ ಮಾಡೋ ಕಲರ್ ಸಾರ್ಟರ್ ಮಿಷನ್ ಬೇಕು. ಎಲ್ಲ ಸೇರಿ 20 ಲಕ್ಷ. ಸಾರ್ಟ್ ಆದ ಬೇಳೆಗೆ ಕ್ವಿಂಟಾಲಿಗೆ 200 ರೂಪಾಯಿ ಜಾಸ್ತಿ ಸಿಗುತ್ತೆ. ವರ್ಷಕ್ಕೆ 12,000 ಕ್ವಿಂಟಾಲ್ ಬೇಳೆ ಆಗುತ್ತೆ. ಅಂದ್ರೆ 24 ಲಕ್ಷ ಲಾಭ, ಹತ್ತು ತಿಂಗಳಲ್ಲಿ ದುಡ್ಡು ವಾಪಸ್. ಆರು ಪುಟ ಬರೆದು ಕೊಟ್ಟೆ. ಫೈನಾನ್ಸ್ ಹೆಡ್ ಸಾಹೇಬ್ರು "ನೋಡೋಣ" ಅಂದು ಇಟ್ಟುಕೊಂಡಿದ್ದಾರೆ. ಎಲ್ಲಿ ತಪ್ಪಿದೆ?

ಕಾಸ್ಟ್ ಅಕೌಂಟೆಂಟ್ ಮೇಡಂ: ಈಗ ಸಾರ್ಟಿಂಗ್ ಎಲ್ಲಿ ಮಾಡಿಸ್ತೀರಿ? ಅದು ಹೇಳಿ ಮೊದಲು.

ಮಿಲ್ ಸೂಪರ್‌ವೈಸರ್: ಹೊರಗಿನ ಡೀಲರ್‌ಗಳಿಗೆ ಹೋಗೋ 8,000 ಕ್ವಿಂಟಾಲ್ ಬೇರೆ ಮಿಲ್ಲಿಗೆ ಕಳಿಸ್ತೀವಿ. ಲಾರಿ, ಹಮಾಲಿ ಸೇರಿ ಕ್ವಿಂಟಾಲಿಗೆ 70 ರೂಪಾಯಿ ಬೀಳುತ್ತೆ. ಉಳಿದ 4,000 ಇಲ್ಲೇ ಲೋಕಲ್ ಅಂಗಡಿಗಳಿಗೆ ಹಾಗೇ ಹೋಗುತ್ತೆ.

ಕಾಲೇಜ್ ಕ್ಲರ್ಕ್, ಬೀದರ್: ಮೇಡಂ, ನಮ್ಮ ಲ್ಯಾಬಿಗೆ ಪ್ರೊಜೆಕ್ಟರ್ ಬೇಕು, ಅದಕ್ಕೂ ಹೀಗೇ ಬರೆಯಬೇಕಾ?

ಕಾಸ್ಟ್ ಅಕೌಂಟೆಂಟ್ ಮೇಡಂ: ಸೂಪರ್‌ವೈಸರ್ ಅವರೇ, ತಪ್ಪು ಅಲ್ಲೇ ಇದೆ. 8,000 ಕ್ವಿಂಟಾಲಿಗೆ ಆ 200 ರೂಪಾಯಿ ನಿಮಗೆ ಈಗಾಗಲೇ ಬರ್ತಿದೆ. ಹೊರಗೆ ಸಾರ್ಟ್ ಮಾಡಿಸಿ ಅದೇ ರೇಟಿಗೆ ಮಾರ್ತಿದ್ದೀರಿ, ಅಲ್ವಾ? ಮಿಷನ್ ತಂದರೆ ಅದು ಹೊಸದಾಗಿ ಬರೋದಿಲ್ಲ. ಹೊಸದಾಗಿ ಉಳಿಯೋದು ಕ್ವಿಂಟಾಲಿಗೆ 70 ರೂಪಾಯಿ ಮಾತ್ರ. ವರ್ಷಕ್ಕೆ 5.6 ಲಕ್ಷ ಆಯ್ತು. ಅದರಲ್ಲಿ ಕರೆಂಟು, ಆಪರೇಟರ್ ಸಂಬಳ, ಸರ್ವಿಸ್ ಕಾಂಟ್ರಾಕ್ಟ್ ಕಳೀಬೇಕು. ಅದಕ್ಕೆಲ್ಲ ಎಷ್ಟು ಹಾಕಿದ್ದೀರಿ?

ಮಿಲ್ ಸೂಪರ್‌ವೈಸರ್: 1.6 ಲಕ್ಷ.

ಕಾಸ್ಟ್ ಅಕೌಂಟೆಂಟ್ ಮೇಡಂ: ಹಾಗಾದರೆ ಖಾತ್ರಿ ಉಳಿತಾಯ 4 ಲಕ್ಷ. 20 ಲಕ್ಷ ವಾಪಸ್ ಬರೋಕೆ ಐದು ವರ್ಷ ಬೇಕು. ಹತ್ತು ತಿಂಗಳಲ್ಲ. ನಿಮ್ಮ ಸಾಹೇಬರ ಟೇಬಲ್ ಮೇಲೆ ತಿಂಗಳು ತಿಂಗಳು ಆ ಸಾರ್ಟಿಂಗ್ ಬಿಲ್ ಬರುತ್ತೆ. 24 ಲಕ್ಷ ಅಂತ ಓದಿದ ಕೂಡಲೇ ಅವರಿಗೆ ಗೊತ್ತಾಗಿರುತ್ತೆ. ಆಮೇಲೆ ಉಳಿದ ಐದು ಪುಟದ ಮೇಲೂ ನಂಬಿಕೆ ಇರಲ್ಲ.

ಇನ್ನು ಆ 4,000 ಕ್ವಿಂಟಾಲ್. ಲೋಕಲ್ ಅಂಗಡಿಯವರು ಸಾರ್ಟ್ ಆದ ಮಾಲಿಗೆ 200 ಜಾಸ್ತಿ ಕೊಡ್ತಾರೆ ಅಂತ ಯಾರು ಹೇಳಿದ್ರು? ಅದರಲ್ಲಿ ಅರ್ಧ ಮಾಲನ್ನು ಹೊರಗಿನ ಡೀಲರ್ ತಗೊಂಡರೆ ಮಾತ್ರ ಇನ್ನೊಂದು 4 ಲಕ್ಷ ಬರುತ್ತೆ, ಆಗ ಎರಡೂವರೆ ವರ್ಷ. ಡೀಲರ್ ಕಡೆಯಿಂದ ಒಂದು ಪತ್ರ ತನ್ನಿ. ಪತ್ರ ಇದ್ದರೆ ಆ 4 ಲಕ್ಷವನ್ನು ಬೇರೆ ಸಾಲಿನಲ್ಲಿ ಬರೀರಿ. ಇಲ್ಲದಿದ್ದರೆ ಬರೀಬೇಡಿ. ಖಾತ್ರಿ ಇರೋದನ್ನೂ ಆಸೆ ಇರೋದನ್ನೂ ಒಂದೇ ಮೊತ್ತದಲ್ಲಿ ಕೂಡಿಸಬಾರದು.

ಆಮೇಲೆ ಇದು ಯಾವ ತಿಂಗಳಲ್ಲಿ ಕೇಳಿದಿರಿ?

ಮಿಲ್ ಸೂಪರ್‌ವೈಸರ್: ಡಿಸೆಂಬರ್ ಕೊನೆಗೆ.

ಕಾಸ್ಟ್ ಅಕೌಂಟೆಂಟ್ ಮೇಡಂ: ತೊಗರಿ ಎಪಿಎಂಸಿಗೆ ಬರೋ ಹೊತ್ತು. ಇರೋ ದುಡ್ಡೆಲ್ಲ ಮಾಲು ಕೊಳ್ಳೋಕೆ ಬೇಕು. ಆ ಹೊತ್ತಲ್ಲಿ 20 ಲಕ್ಷ ಒಟ್ಟಿಗೆ ಕೇಳಿದರೆ ಯಾವ ಫೈನಾನ್ಸ್ ಹೆಡ್ಡೂ ಹೂಂ ಅನ್ನಲ್ಲ. 5 ಲಕ್ಷ ಕೈಯಿಂದ, 15 ಲಕ್ಷ ಐದು ವರ್ಷದ ಟರ್ಮ್ ಲೋನ್ ಅಂತ ಬರೀರಿ. ಬಡ್ಡಿ 10 ಪರ್ಸೆಂಟ್ ಹಿಡಿದರೆ ಕಂತು ವರ್ಷಕ್ಕೆ ಸುಮಾರು 3.8 ಲಕ್ಷ. ನಿಮ್ಮ ಉಳಿತಾಯ 4 ಲಕ್ಷ. ಅಂದರೆ ಕಂತು ಕಟ್ಟೋಕಷ್ಟೇ ಸರಿಹೋಗುತ್ತೆ. ಅದನ್ನೂ ಮುಚ್ಚಿಡದೆ ಬರೀರಿ. ಆರ್ಡರ್ ಮಾರ್ಚ್ ಆದಮೇಲೆ ಹಾಕೋಣ ಅನ್ನಿ.

ಟ್ರೇಡರ್, ಯಾದಗಿರಿ: ಮೇಡಂ, 20 ಲಕ್ಷದಲ್ಲಿ ಜಿಎಸ್‌ಟಿ 2.88 ಲಕ್ಷ ಇರಬೇಕಲ್ಲ. ಅದು ಇನ್‌ಪುಟ್ ಕ್ರೆಡಿಟ್‌ನಲ್ಲಿ ವಾಪಸ್ ಬರುತ್ತೆ. ಖರ್ಚು 17 ಲಕ್ಷ ಅಂತಲೇ ತೋರಿಸಬೇಕು. ಇಷ್ಟು ಗೊತ್ತಿಲ್ಲದೆ ಲೆಕ್ಕ ಹೇಳ್ತಿದ್ದೀರಲ್ಲ.

ಕಾಸ್ಟ್ ಅಕೌಂಟೆಂಟ್ ಮೇಡಂ: ಎಲ್ಲರಿಗೂ ಬರಲ್ಲ. ಸೂಪರ್‌ವೈಸರ್ ಅವರೇ, ಬೇಳೆ ಯಾವ ಚೀಲದಲ್ಲಿ ಹೋಗುತ್ತೆ?

ಮಿಲ್ ಸೂಪರ್‌ವೈಸರ್: ಎಲ್ಲಾ 50 ಕೆಜಿ ಚೀಲ.

ಕಾಸ್ಟ್ ಅಕೌಂಟೆಂಟ್ ಮೇಡಂ: 50 ಕೆಜಿ ಚೀಲದ ಬೇಳೆಗೆ ಜಿಎಸ್‌ಟಿ ಇಲ್ಲ. 2022ರ ಜುಲೈಯಿಂದ ತೆರಿಗೆ ಬಂದಿರೋದು 25 ಕೆಜಿವರೆಗಿನ ಲೇಬಲ್ ಪ್ಯಾಕಿಗೆ. ಮಾರೋ ಮಾಲಿಗೆ ತೆರಿಗೆ ಇಲ್ಲ ಅಂದರೆ ಮಿಷನ್ ಮೇಲೆ ಕಟ್ಟಿದ ತೆರಿಗೆಗೆ ಕ್ರೆಡಿಟ್ಟೂ ಇಲ್ಲ. ಇವರಿಗೆ ಆ 2.88 ಲಕ್ಷ ಪೂರ್ತಿ ಖರ್ಚು.

ಟ್ರೇಡರ್, ಯಾದಗಿರಿ: ನಮಗೆ ಬಂದಿದೆ.

ಕಾಸ್ಟ್ ಅಕೌಂಟೆಂಟ್ ಮೇಡಂ: ನೀವು ಸಣ್ಣ ಪ್ಯಾಕ್ ಮಾರ್ತೀರಾ?

ಟ್ರೇಡರ್, ಯಾದಗಿರಿ: ಹೌದು, 1 ಕೆಜಿ, 5 ಕೆಜಿ.

ಕಾಸ್ಟ್ ಅಕೌಂಟೆಂಟ್ ಮೇಡಂ: ಅದಕ್ಕೇ ಬಂದಿದೆ. ಇವರದು ಬೇರೆ.

ಗ್ರೂಪ್ ಸದಸ್ಯ, ಆಳಂದ: ಫಾರ್ವರ್ಡ್ ಬಂದಿದೆ ನೋಡಿ: "ಯಾವ ಬಜೆಟ್ಟೂ ಪಾಸಾಗೋ 12 ಸ್ಲೈಡ್ ಫಾರ್ಮ್ಯಾಟ್. ಬೇಕಿದ್ದಕ್ಕಿಂತ 30% ಜಾಸ್ತಿ ಕೇಳಿ, ಕಟ್ ಮಾಡಿದ ಮೇಲೆ ಸರಿಹೋಗುತ್ತೆ."

ಕಾಸ್ಟ್ ಅಕೌಂಟೆಂಟ್ ಮೇಡಂ: ದಯವಿಟ್ಟು ಯಾರೂ ಹೀಗೆ ಮಾಡಬೇಡಿ. ಕೊಟೇಶನ್ 16 ಲಕ್ಷ ಇರುವಾಗ ನೀವು 21 ಬರೆದರೆ, ಅವರು ಸಪ್ಲೈಯರ್‌ಗೆ ಒಂದು ಫೋನ್ ಮಾಡಿದರೆ ಸಾಕು. ಮುಂದಿನ ವರ್ಷ ನೀವು ನಿಜ ಬರೆದರೂ ಕಟ್ ಮಾಡ್ತಾರೆ.

ಗ್ರೂಪ್ ಸದಸ್ಯ, ಆಳಂದ: ಹಂಚಿಕೊಂಡಿದ್ದೇ ತಪ್ಪಾ? ಬಹಳ ಜನಕ್ಕೆ ಉಪಯೋಗ ಆಗಿದೆ.

ಕಾಸ್ಟ್ ಅಕೌಂಟೆಂಟ್ ಮೇಡಂ: ಯಾರಿಗೆ ಆಗಿದೆ ಹೇಳಿ.

ಸ್ವಸಹಾಯ ಸಂಘದ ಸದಸ್ಯೆ, ಚಿಂಚೋಳಿ: ಮಿಷನ್ ಬಂದ್ರೆ ಕೈಯಲ್ಲಿ ಬೇಳೆ ಆರಿಸೋ ಹೆಣ್ಣುಮಕ್ಕಳ ಗತಿ ಏನು? ಅದು ಯಾರ ಲೆಕ್ಕದಲ್ಲಿ ಬರುತ್ತೆ?

ಟ್ರೇಡರ್, ಯಾದಗಿರಿ: ಅಕ್ಕಾ, ಅವರು ಈಗಲೇ ಹೊರಗೆ ಮಿಷನ್‌ನಲ್ಲೇ ಮಾಡಿಸ್ತಿದ್ದಾರೆ. ಓದಿ ಬರೀರಿ.

ಸ್ವಸಹಾಯ ಸಂಘದ ಸದಸ್ಯೆ: ಓದಿದ್ದೀನಣ್ಣ. ನಮ್ಮೂರಲ್ಲಿ ಮಿಷನ್ ಬಂದಮೇಲೆ ಕೆಲಸ ಹೋಗಿದ್ದು ನಮ್ಮದು, ನಿಮ್ಮದಲ್ಲ.

ಟ್ರೇಡರ್, ಯಾದಗಿರಿ: ಇದು ಆ ವಿಷಯದ ಗ್ರೂಪ್ ಅಲ್ಲ.

ಸ್ವಸಹಾಯ ಸಂಘದ ಸದಸ್ಯೆ: ಹಾಗಂತ ನೀವು ಹೇಳಬೇಕಾ?

ನಿವೃತ್ತ ಶಿಕ್ಷಕರು, ಶಹಾಪುರ: ಬಜೆಟ್ ಮಂಜೂರಾತಿ ಅಂದರೆ ಕೆಕೆಆರ್‌ಡಿಬಿ ಅನುದಾನದ ಬಗ್ಗೆಯೇ? ನಮ್ಮ ಶಾಲೆ ಕಾಂಪೌಂಡಿಗೆ ಯಾರಿಗೆ ಬರೆಯಬೇಕು?

ಮಿಲ್ ಸೂಪರ್‌ವೈಸರ್: ಮೇಡಂ, ಕೇಂದ್ರ ಸರ್ಕಾರದ ಪಿಎಂಎಫ್‌ಎಂಇ ಸಬ್ಸಿಡಿ ತೋರಿಸಿದರೆ ಖರ್ಚು ಕಡಿಮೆ ಆಗುತ್ತಲ್ಲ? 35 ಪರ್ಸೆಂಟ್ ಅಂತಾರೆ.

ಕಾಸ್ಟ್ ಅಕೌಂಟೆಂಟ್ ಮೇಡಂ: ಅದು ಸಣ್ಣ ಘಟಕಗಳಿಗೆ, ಸಾಲದ ಜೊತೆ ಬರೋದು. ನಿಮ್ಮ ಮಿಲ್ ಅದರಲ್ಲಿ ಬರುತ್ತಾ ನೋಡಿ. ಬಂದರೂ ಮಂಜೂರಾಗೋ ತನಕ ಲೆಕ್ಕದಲ್ಲಿ ಕಳೀಬೇಡಿ.

ಗ್ರೂಪ್ ಸದಸ್ಯ, ಸೇಡಂ: ಮೇಡಂ ಫಾರ್ಮ್ಯಾಟ್ ಕಳಿಸಿ ಪ್ಲೀಸ್.

ಕಾಸ್ಟ್ ಅಕೌಂಟೆಂಟ್ ಮೇಡಂ: ಮೇಲೆ ಓದಿ.

ಮಿಲ್ ಸೂಪರ್‌ವೈಸರ್: ಹೊಸದಾಗಿ ಬರೆದೆ, ನೋಡಿ ಮೇಡಂ:

"ಕಲರ್ ಸಾರ್ಟರ್‌ಗೆ 20 ಲಕ್ಷಕ್ಕೆ ಒಪ್ಪಿಗೆ ಕೋರಿದೆ. ಮಿಷನ್ ಮತ್ತು ಕಂಪ್ರೆಸರ್ 16 ಲಕ್ಷ, ಜಿಎಸ್‌ಟಿ 2.88 ಲಕ್ಷ (ವಾಪಸ್ ಬರುವುದಿಲ್ಲ), ಫೌಂಡೇಶನ್ ಮತ್ತು ವೈರಿಂಗ್ 1.12 ಲಕ್ಷ. ಹೊರಗಿನ ಸಾರ್ಟಿಂಗ್ ಬಿಲ್ ನಿಂತು, ನಡೆಸುವ ಖರ್ಚು ಕಳೆದು, ವರ್ಷಕ್ಕೆ 4 ಲಕ್ಷ ಉಳಿಯುತ್ತದೆ. 15 ಲಕ್ಷ ಟರ್ಮ್ ಲೋನ್ ತೆಗೆದರೆ ಕಂತು ವರ್ಷಕ್ಕೆ ಸುಮಾರು 3.8 ಲಕ್ಷ. ಬೇರೆ ದಾರಿ ಎರಡು: ಈಗಿನಂತೆ ಹೊರಗೆ ಮಾಡಿಸುವುದು, ಅಥವಾ ವರ್ಷದ ಕಾಂಟ್ರಾಕ್ಟ್ ಮಾಡಿ 70ರ ರೇಟನ್ನು ಇಳಿಸಿಕೊಳ್ಳುವುದು. ಆರ್ಡರ್ ಏಪ್ರಿಲ್‌ನಲ್ಲಿ."

ಕಾಸ್ಟ್ ಅಕೌಂಟೆಂಟ್ ಮೇಡಂ: ಇದು ಓದೋ ಹಾಗಿದೆ. ಒಂದು ಸೇರಿಸಿ: ರೇಟು 70ರಿಂದ 55ಕ್ಕೆ ಇಳಿದರೆ ಮಿಷನ್‌ನಿಂದ ಉಳಿಯೋದು ವರ್ಷಕ್ಕೆ 2.8 ಲಕ್ಷ ಮಾತ್ರ, ಆಗ ಕಂತಿಗೂ ಸಾಲದು. ಸಾಹೇಬ್ರು ಮೊದಲು ಕೇಳೋದೇ ಇದು.

ಇನ್ನೊಂದು ಕೇಳ್ತೀನಿ. ಹೊರಗಿನ ಮಿಲ್ಲಲ್ಲಿ ರಿಜೆಕ್ಟ್ ಆದ ಬೇಳೆ ಯಾರ ಹತ್ತಿರ ಉಳಿಯುತ್ತೆ?

ಮಿಲ್ ಸೂಪರ್‌ವೈಸರ್: ಅವರೇ ಇಟ್ಟುಕೊಳ್ತಾರೆ ಮೇಡಂ. ಮೊದಲಿಂದ ಹಾಗೇ ಇದೆ.

ಕಾಸ್ಟ್ ಅಕೌಂಟೆಂಟ್ ಮೇಡಂ: ಸಾರ್ಟರ್ ಕಪ್ಪು ಕಾಳನ್ನು ಗಾಳಿಯಲ್ಲಿ ಹೊಡೆದು ಹಾಕುವಾಗ ಪಕ್ಕದ ಒಳ್ಳೇ ಬೇಳೆಯೂ ಹೋಗುತ್ತೆ. ಆ ರಿಜೆಕ್ಟನ್ನು ಇನ್ನೊಮ್ಮೆ ಮಿಷನ್‌ಗೆ ಹಾಕಿದರೆ ಅದರಲ್ಲಿ ಒಳ್ಳೇದು ಸಿಗುತ್ತೆ. 8,000 ಕ್ವಿಂಟಾಲಿಗೆ ಒಂದೇ ಪರ್ಸೆಂಟ್ ಅಂದರೂ 80 ಕ್ವಿಂಟಾಲ್. ಇದನ್ನು ಯಾಕೆ ಬರೆದಿಲ್ಲ? ಕಳಿಸಿದ ತೂಕದ ಚೀಟಿ, ವಾಪಸ್ ಬಂದ ತೂಕದ ಚೀಟಿ, ಎರಡೂ ತೆಗೀರಿ. ಹೋದ ಸೀಸನ್ ಪೂರ್ತಿ. ಅದು ಕೈಗೆ ಬರೋವರೆಗೆ ಪತ್ರ ಕೊಡಬೇಡಿ.

ಟ್ರೇಡರ್, ಯಾದಗಿರಿ: ಜಾಬ್ ವರ್ಕ್‌ನಲ್ಲಿ ರಿಜೆಕ್ಟ್ ಮಿಲ್ಲಿನವರಿಗೇ ಹೋಗೋದು ಪದ್ಧತಿ ಮೇಡಂ. 70 ರೇಟು ಅದಕ್ಕೇ ಇದೆ.

ಕಾಸ್ಟ್ ಅಕೌಂಟೆಂಟ್ ಮೇಡಂ: ಪದ್ಧತಿ ಇರಲಿ, ಅದರ ಬೆಲೆ ಎಷ್ಟು ಅಂತ ಗೊತ್ತಿರಬೇಕಲ್ಲ.

ಮಿಲ್ ಸೂಪರ್‌ವೈಸರ್: ಚೀಟಿ ಗೋಡೌನ್ ಕ್ಲರ್ಕ್ ಹತ್ತಿರ ಇವೆ. ಸೋಮವಾರ ತೆಗೆಸ್ತೀನಿ.

ಗ್ರೂಪ್ ಸದಸ್ಯ, ಸೇಡಂ: ಮೇಡಂ ಫಾರ್ಮ್ಯಾಟ್?